ಕ್ಯಾಮೆರಾಮನ್ ಮತ್ತು ಡಿಸೈನರ್‌ಗೆ ತೋರಿಸುವ ಲುಕ್‌ಬುಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಲುಕ್‌ಬುಕ್, ಮೂಡ್ ಬೋರ್ಡ್ ಎರಡೂ ಒಂದೇನಾ?

ಮಾತಿನಲ್ಲಿ ಎರಡನ್ನೂ ಒಂದರ ಬದಲು ಒಂದು ಬಳಸುತ್ತಾರೆ, ಅದರಿಂದ ನಷ್ಟವೇನಿಲ್ಲ. ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ. ಒಂದೇ ಹಾಳೆಯ ಮೇಲೆ ಹತ್ತಾರು ಚಿತ್ರ ಹರಡಿ ಕಥೆಯ ಒಟ್ಟು ಭಾವ ಹಿಡಿದರೆ ಅದು ಮೂಡ್ ಬೋರ್ಡ್. ಸೀನ್ ಪ್ರಕಾರ ಪುಟ ಪುಟವಾಗಿ ಜೋಡಿಸಿ, ಪ್ರತಿ ಚಿತ್ರದ ಕೆಳಗೆ ಬರೆದಿಟ್ಟರೆ ಲುಕ್‌ಬುಕ್. ಮೊದಲನೆಯದು ನಿಮ್ಮ ತಲೆ ತಿಳಿಯಾಗಲಿಕ್ಕೆ, ಎರಡನೆಯದು ಇನ್ನೊಬ್ಬರು ಅದನ್ನು ನೋಡಿ ಕೆಲಸ ಶುರು ಮಾಡಲಿಕ್ಕೆ. ಈ ಪುಟ ಎರಡನೆಯದರ ಬಗ್ಗೆ.

ನಿರ್ಮಾಪಕರಿಗೆ ತೋರಿಸಿದ್ದನ್ನೇ ಇವರಿಗೂ ಕೊಟ್ಟರೆ ಆಗಲ್ವಾ?

ಆಗುವುದಿಲ್ಲ. ನಿರ್ಮಾಪಕರಿಗೆ ತೋರಿಸುವುದು ಆಸೆ ಹುಟ್ಟಿಸಲು. ಅಲ್ಲಿ ಚಂದದ ಚಿತ್ರ ಇದ್ದರೆ ಸಾಕು, ಯಾಕೆ ಚಂದ ಅಂತ ಯಾರೂ ಕೇಳುವುದಿಲ್ಲ. ಕ್ಯಾಮೆರಾಮನ್ ಕೇಳುತ್ತಾರೆ. ಬೆಳಕು ಎಡದಿಂದ ಬರುತ್ತಿದೆ, ಕಿಟಕಿ ಎಡಕ್ಕಿದೆ ಅಂತಲೇ? ಡಿಸೈನರ್ ಕೇಳುತ್ತಾರೆ. ಗೋಡೆ ಹಳೆಯದಾಗಿ ಕಾಣಬೇಕಾ, ಬಡತನದ್ದಾಗಿ ಕಾಣಬೇಕಾ? ಇಂಥ ಪ್ರಶ್ನೆಗಳಿಗೆ ಉತ್ತರ ಇರುವ, ಇಲ್ಲವೇ ಇಂಥ ಪ್ರಶ್ನೆ ಹುಟ್ಟಿಸುವ ಚಿತ್ರಗಳಷ್ಟೇ ಇದರಲ್ಲಿ ಇರಬೇಕು.

ಎಷ್ಟು ಚಿತ್ರ ಹಾಕಬೇಕು?

ಕೂಡಿಡುವಾಗ ಲೆಕ್ಕ ಬೇಡ, ಕೈಗೆ ಸಿಕ್ಕಿದ್ದೆಲ್ಲ ಒಂದು ಫೋಲ್ಡರ್‌ಗೆ ಹಾಕಿ. ಆಮೇಲೆ ಒಂದು ವಾರ ಅದನ್ನು ತೆಗೆಯಬೇಡಿ. ವಾರದ ನಂತರ ತೆಗೆದಾಗ 'ಇದನ್ನ ಯಾಕೆ ಇಟ್ಟೆ?' ಅಂತ ತಕ್ಷಣ ಹೇಳಲು ಆಗದ ಚಿತ್ರವನ್ನು ಕಿತ್ತು ಹಾಕಿ. ನನ್ನ ಕಳೆದ ಸಿನಿಮಾಗೆ ನೂರ ನಲವತ್ತು ಕೂಡಿಟ್ಟಿದ್ದೆ, ಕೊನೆಗೆ ಉಳಿದಿದ್ದು 26. ಒಬ್ಬರು ಒಂದೇ ಕೂತಲ್ಲಿ ಮಾತಾಡುತ್ತಾ ನೋಡಿ ಮುಗಿಸಬಹುದಾದಷ್ಟು ಇದ್ದರೆ ಸರಿ.

ಹುಡುಕುವಾಗ ಒಂದು ಎಚ್ಚರಿಕೆ. ಪಿನ್‌ಟರೆಸ್ಟ್‌ನಂಥ ಕಡೆ ಒಂದು ಚಿತ್ರ ಒತ್ತಿದರೆ ಅದೇ ಥರದ ಇನ್ನೂ ಐವತ್ತು ಬರುತ್ತವೆ. ಒಂದು ಗಂಟೆ ಬಿಟ್ಟು ನೋಡಿದರೆ ಕಥೆ ನಿಮ್ಮದು, ರುಚಿ ಅದರದ್ದು! ಅದಕ್ಕೇ ಕಾಲು ಭಾಗವಾದರೂ ನೀವೇ ಫೋನ್‌ನಲ್ಲಿ ತೆಗೆದ ಚಿತ್ರ ಇರಲಿ. ನಿಜವಾದ ಮನೆಯ ನಿಜವಾದ ಮೂಲೆ, ಸಂಜೆ ಆರು ಗಂಟೆಗೆ ದೀಪ ಹಾಕುವ ಮುಂಚಿನ ಹಜಾರ, ಇಂಥವು. ನೋಡಲು ಸುಮಾರಾಗಿರುತ್ತವೆ, ಆದರೆ ಡಿಸೈನರ್ ಜಾಸ್ತಿ ಹೊತ್ತು ನೋಡುವುದು ಇವುಗಳನ್ನೇ.

ಚಿತ್ರದ ಕೆಳಗೆ ಏನು ಬರೆಯಬೇಕು?

ಎರಡು ಸಾಲು. ಇದರಿಂದ ಏನು ಬೇಕು, ಏನು ಬೇಡ.

ಇದು ಸಣ್ಣ ಕೆಲಸದಂತೆ ಕಾಣುತ್ತದೆ. ಆದರೆ ಒಂದು ಚಿತ್ರದಲ್ಲಿ ಬೆಳಕು, ಬಣ್ಣ, ಲೆನ್ಸ್, ಬಟ್ಟೆ, ಗೋಡೆ, ವಯಸ್ಸು ಎಲ್ಲವೂ ಒಟ್ಟಿಗೆ ಕೂತಿರುತ್ತವೆ. ನಿಮ್ಮ ಕಣ್ಣು ಹೋಗಿದ್ದು ಒಂದರ ಮೇಲೆ. ನೋಡುವವರ ಕಣ್ಣು ಅವರವರ ಕೆಲಸದ ಮೇಲೆ ಹೋಗುತ್ತದೆ. 'ದೀಪ ಎಷ್ಟು ದೂರಕ್ಕೆ ಬೆಳಗುತ್ತದೆ ಅನ್ನೋದು ಬೇಕು. ಗೋಡೆಯ ಬಣ್ಣ ಬೇಡ.' ಇಷ್ಟು ಬರೆದರೆ ಡಿಸೈನರ್ ಆ ಗೋಡೆಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ಬರೆಯದಿದ್ದರೆ ಆ ಗೋಡೆಯನ್ನೇ ಕಟ್ಟುತ್ತಾರೆ, ಅದು ಅವರ ತಪ್ಪೂ ಅಲ್ಲ.

'ಕಾವ್ಯದಂತೆ', 'ಕಚ್ಚಾ', 'ನಾಸ್ಟಾಲ್ಜಿಕ್' ಅಂತ ಬರೆದರೆ ಯಾರಿಗೂ ಏನೂ ಬರೆದ ಹಾಗಾಗುವುದಿಲ್ಲ. ಕಣ್ಣಿಗೆ ಕಾಣುವ ಮಾತು ಬರೆಯಿರಿ.

ರೆಫರೆನ್ಸ್ ಚಿತ್ರದಲ್ಲಿ ಇರುವ ಬಣ್ಣ ಗೋಡೆಯದಾ, ಬೆಳಕಿನದಾ? ಹೇಗೆ ಗೊತ್ತಾಗುತ್ತದೆ?

ಈ ಪ್ರಶ್ನೆಗೆ ಉತ್ತರ ನಾನು ಕಲಿತಿದ್ದು ಕೆಟ್ಟ ದಾರಿಯಲ್ಲಿ. ಮೊದಲ ಕಿರುಚಿತ್ರದ ಲುಕ್‌ಬುಕ್‌ನಲ್ಲಿ ರಾತ್ರಿಯ ಅಡುಗೆಮನೆಯ ಒಂದು ಫೋಟೊ ಇಟ್ಟಿದ್ದೆ. ಇಡೀ ಚಿತ್ರ ಹಸಿರು ಹಸಿರು. ಕೆಳಗೆ ಬರೆದಿದ್ದು ಒಂದೇ ಪದ: 'ಹೀಗೆ'. ಅದನ್ನು ನೋಡಿ ಡಿಸೈನರ್ ಗೋಡೆಗೆ ಹಸಿರು ಹೊಡೆಸಿದರು. ಕ್ಯಾಮೆರಾಮನ್ ಅದೇ ಚಿತ್ರ ನೋಡಿ ಹಸಿರು ಛಾಯೆಯ ಟ್ಯೂಬ್‌ಲೈಟ್ ಹಾಕಿಸಿದರು. ಇಬ್ಬರೂ ನನ್ನ ಮಾತನ್ನು ಸರಿಯಾಗಿಯೇ ಪಾಲಿಸಿದ್ದರು. ಮಾನಿಟರ್‌ನಲ್ಲಿ ಗೋಡೆ ಪಾಚಿ ಕಟ್ಟಿದ ಕೆರೆಯಂತೆ, ನಟನ ಮುಖ ವಾಂತಿ ಬರುವವನಂತೆ ಕಾಣುತ್ತಿತ್ತು. ಶೂಟಿಂಗ್ ಮುಗಿದ ಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ ತಿದ್ದುವ ಗ್ರೇಡಿಂಗ್‌ನಲ್ಲಿ ಹಸಿರು ಕಡಿಮೆ ಮಾಡಿದಾಗ ಮುಖ ಗುಲಾಬಿಗೆ ತಿರುಗಿತು, ಗೋಡೆ ಹಾಗೇ ಉಳಿಯಿತು.

ಆ ಫೋಟೊವನ್ನು ಆಮೇಲೆ ಸರಿಯಾಗಿ ನೋಡಿದೆ. ಗೋಡೆಯ ಹತ್ತಿರ ಒಂದು ಬಿಳಿ ತಟ್ಟೆ ಇತ್ತು. ಅದೂ ಹಸಿರಾಗಿತ್ತು. ಅಂದರೆ ಗೋಡೆಗೆ ಹಸಿರು ಬಣ್ಣವೇ ಇರಲಿಲ್ಲ, ಅದು ಮಾಸಿದ ಬಿಳಿ. ಹಸಿರು ಪೂರ್ತಿ ಟ್ಯೂಬ್‌ಲೈಟಿನದು. ಹಳೆಯ ಫ್ಲೋರೊಸೆಂಟ್ ಟ್ಯೂಬ್‌ಗಳ ಬೆಳಕಿನಲ್ಲಿ ಹಸಿರಿನ ಪಾಲು ಜಾಸ್ತಿ. ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ.

ಅಂದಿನಿಂದ ಯಾವ ಚಿತ್ರ ಸಿಕ್ಕರೂ ಮೊದಲು ಅದರಲ್ಲಿ ಬಿಳಿಯಾಗಿರಬೇಕಾದ ವಸ್ತು ಹುಡುಕುತ್ತೇನೆ. ಕಾಗದ, ಅಂಗಿ, ತಟ್ಟೆ, ಕಣ್ಣಿನ ಬಿಳಿಭಾಗ. ಬಿಳಿ ಬಿಳಿಯಾಗಿಯೇ ಇದ್ದು ಗೋಡೆ ಮಾತ್ರ ಹಸಿರಾಗಿದ್ದರೆ ಅದು ಬಣ್ಣದ ಡಬ್ಬಿಯ ಹಸಿರು, ಡಿಸೈನರ್ ಪಾಲಿನದು. ಬಿಳಿಯೂ ಹಸಿರಾಗಿದ್ದರೆ ಬೆಳಕಿನದು, ಇಲ್ಲವೇ ಇಡೀ ಚಿತ್ರಕ್ಕೆ ಕಂಪ್ಯೂಟರ್‌ನಲ್ಲಿ ಕೊಟ್ಟ ಛಾಯೆ. ಆಮೇಲೆ ಕಪ್ಪನ್ನು ನೋಡಿ. ಕೂದಲು, ಮೇಜಿನ ಕೆಳಗಿನ ಕತ್ತಲೆ. ಬಿಳಿ ಸರಿಯಾಗಿದ್ದು ಕಪ್ಪಿನಲ್ಲಿ ಮಾತ್ರ ಬಣ್ಣ ಸೇರಿಕೊಂಡಿದ್ದರೆ ಅದು ಬಹುತೇಕ ಗ್ರೇಡಿಂಗ್‌ನಲ್ಲಿ ಆಗಿರುವ ಕೆಲಸ. ಆ ಸಾಲನ್ನು ಕಲರಿಸ್ಟ್‌ಗೆ ಬರೆದಿಡಿ, ಸೆಟ್‌ನಲ್ಲಿ ಅದನ್ನು ಹುಡುಕಬೇಡಿ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ಒಂದೇ ಕೋಣೆಯಲ್ಲಿ ಎರಡು ಥರದ ದೀಪ ಇದ್ದರೆ ಮುಖದ ಹತ್ತಿರದ ಬಿಳಿ ಒಂದು ಹೇಳುತ್ತದೆ, ಗೋಡೆಯ ಹತ್ತಿರದ ಬಿಳಿ ಇನ್ನೊಂದು. ಗೋಡೆಯ ಬಗ್ಗೆ ತಿಳಿಯಬೇಕಾದರೆ ಗೋಡೆಯ ಪಕ್ಕದ ಬಿಳಿಯನ್ನೇ ನೋಡಬೇಕು. ಹಾಗೆಯೇ ಬಿಳಿ ಅಂಗಿ ಹಸಿರು ಗೋಡೆಗೆ ಒರಗಿದ್ದರೆ ಆ ಬದಿಯ ತೋಳು ತುಸು ಹಸಿರಾಗುತ್ತದೆ. ಅದು ಗೋಡೆಯಿಂದ ಪುಟಿದ ಬೆಳಕು, ಗಾಬರಿ ಬೇಡ.

ಚಿತ್ರದಿಂದ ಬಣ್ಣ ಎತ್ತಿ ಕೆಳಗೆ ಚೌಕ ಚೌಕವಾಗಿ ಹಾಕುತ್ತಾರಲ್ಲ, ಅದು ಬೇಕಾ?

ನೋಡಲು ಚಂದ, ನಂಬಲು ಕಷ್ಟ. ಐಡ್ರಾಪರ್ ಎತ್ತಿಕೊಡುವುದು ಗೋಡೆಯ ಬಣ್ಣವನ್ನಲ್ಲ. ಆ ಗೋಡೆಯ ಮೇಲೆ ಆ ದೀಪ ಬಿದ್ದು, ಆ ಕ್ಯಾಮೆರಾ ಹಿಡಿದು, ಗ್ರೇಡ್ ಆದ ಮೇಲೆ ಉಳಿದ ಬಣ್ಣವನ್ನು. ಅದನ್ನೇ ಪೇಂಟ್ ಅಂಗಡಿಗೆ ಕೊಟ್ಟು ಕಲೆಸಿಸಿದರೆ ಬೆಳಕಿನ ಲೆಕ್ಕ ಎರಡು ಸಲ ಸೇರುತ್ತದೆ. ಚೌಕಗಳು ಇರಲಿ, ಆದರೆ 'ಪರದೆಯ ಮೇಲೆ ಕೊನೆಗೆ ಕಾಣಬೇಕಾದ ಬಣ್ಣ' ಅಂತ ಮೇಲೆ ಬರೆಯಿರಿ.

ಅಲ್ಲಿಗೆ ತಲುಪಿಸುವ ಗೋಡೆಯ ಬಣ್ಣ ಯಾವುದು ಅನ್ನುವುದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು. ಎರಡಡಿ ಅಗಲದ ಮೂರು ಹಲಗೆಗಳಿಗೆ ಮೂರು ಬಣ್ಣ ಹೊಡೆದು, ಸೀನ್‌ನಲ್ಲಿ ಬಳಸುವ ದೀಪದ ಕೆಳಗೆ ನಿಲ್ಲಿಸಿ, ಮುಂದೆ ನಟರನ್ನೋ ಅದೇ ಮೈಬಣ್ಣದ ಒಬ್ಬರನ್ನೋ ಕೂರಿಸಿ, ಶೂಟಿಂಗಿನ ಕ್ಯಾಮೆರಾದಲ್ಲೇ ತೆಗೆಯಿರಿ. ಮುಖ ಇಲ್ಲದೆ ಬರೀ ಹಲಗೆ ತೆಗೆದರೆ ಅರ್ಧ ಪರೀಕ್ಷೆ. ಗೋಡೆ ಮುಖವನ್ನು ನುಂಗುತ್ತದಾ, ಮುಂದಕ್ಕೆ ತಳ್ಳುತ್ತದಾ ಅನ್ನುವುದೇ ತಿಳಿಯಬೇಕಾದ ವಿಷಯ.

ಒಂದು ಸೀನ್‌ನ ಪುಟ ನಿಜಕ್ಕೂ ಹೇಗಿರುತ್ತದೆ? ಉದಾಹರಣೆ ಕೊಡಿ.

ಅಣ್ಣ ತಂಗಿ, ತೀರಿಹೋದ ಅಪ್ಪನ ಮನೆಯನ್ನು ಖಾಲಿ ಮಾಡಲು ಬಂದಿದ್ದಾರೆ. ರಾತ್ರಿ, ಅಡುಗೆಮನೆಯ ಮೇಜು, ಮೇಲೆ ಒಂದೇ ಬಲ್ಬು. ಇಬ್ಬರ ನಡುವೆ ಜಗಳ ಇದೆ, ಆದರೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಈ ಸೀನ್‌ಗೆ ನಾನು ಇಟ್ಟಿದ್ದು ನಾಲ್ಕೇ ಚಿತ್ರ.

ಮೊದಲನೆಯದು, ಮೇಜಿನ ಮೇಲೆ ನೇತಾಡುವ ಒಂದು ಬಲ್ಬಿನ ಫೋಟೊ. ಕೆಳಗೆ: 'ಬೆಳಕು ಮೇಜಿನ ಅಂಚಿಗೆ ನಿಲ್ಲಬೇಕು, ಹಿಂದಿನ ಗೋಡೆ ಇದೆಯೋ ಇಲ್ಲವೋ ಅನ್ನುವಷ್ಟು ಕಾಣಲಿ. ಮೇಜಿನ ಆಕಾರ ಬೇಡ.' ಎರಡನೆಯದು ನಾನೇ ತೆಗೆದದ್ದು, ಸೊಂಟದ ಎತ್ತರದವರೆಗೆ ಎಣ್ಣೆಬಣ್ಣ ಬಳಿದ ಹಳೆಯ ಗೋಡೆ. ಕೆಳಗೆ: 'ಹೊಳಪು ಬೇಕು, ಬಣ್ಣ ಬೇಡ.' ಮೂರನೆಯದು ಒಂದು ಪೇಂಟಿಂಗ್, ಇಬ್ಬರು ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ನೋಡದೆ ಕೂತಿದ್ದಾರೆ. 'ಇಬ್ಬರ ನಡುವಿನ ಖಾಲಿ ಜಾಗ ಬೇಕು.' ನಾಲ್ಕನೆಯದರ ಮೇಲೆ ಕೆಂಪು ಗೆರೆ ಎಳೆದಿದ್ದೆ. ಕಿಟಕಿಯಿಂದ ನೀಲಿ ಬೆಳದಿಂಗಳು ಸುರಿಯುವ ಅಡುಗೆಮನೆ. 'ಇದು ಬೇಡವೇ ಬೇಡ.'

ಆ 'ಬೇಡ' ಚಿತ್ರ ದಯವಿಟ್ಟು ಇಡಿ. ರಾತ್ರಿ ಅಂದ ಕೂಡಲೇ ನೀಲಿ ಹಾಕುವ ಅಭ್ಯಾಸ ಎಷ್ಟು ಬಲವಾಗಿದೆ ಅಂದರೆ, ಬಾಯಲ್ಲಿ ಬೇಡ ಅಂದರೂ ಕೊನೆಗೆ ಎಲ್ಲಿಂದಲೋ ಒಂದಿಷ್ಟು ನೀಲಿ ನುಸುಳುತ್ತದೆ.

ಪುಟ ತೋರಿಸಿದ ಮೇಲೆ ನಡೆದ ಮಾತು ಮುಖ್ಯ. ಕ್ಯಾಮೆರಾಮನ್ ಮೊದಲು ಕೇಳಿದ್ದು ಬಲ್ಬಿನ ಎತ್ತರ. ತೀರಾ ಕೆಳಗೆ ತೂಗಿದರೆ ಅದು ಇಬ್ಬರ ಮುಖಗಳ ನಡುವೆ ಬಂದು ಅಡ್ಡವಾಗುತ್ತದೆ. ಮೇಲಕ್ಕೆತ್ತಿದರೆ ಹಣೆ ಬೆಳಗಿ ಕಣ್ಣು ಗುಳಿಯಲ್ಲಿ ಮುಳುಗುತ್ತದೆ. ಈ ಸೀನ್‌ನಲ್ಲಿ ಕಣ್ಣು ಕಾಣದಿದ್ದರೆ ಏನೂ ಇಲ್ಲ. ಬಲ್ಬು ಮೇಲೆ ಹೋಗಲಿ, ಆದರೆ ಕೆಳಗಿನಿಂದ ಸ್ವಲ್ಪ ಬೆಳಕು ಮುಖಕ್ಕೆ ಪುಟಿಯಬೇಕು ಅಂದರು. ಡಿಸೈನರ್ ಕಪ್ಪು ಮರದ ಮೇಜು ಯೋಚಿಸಿಟ್ಟಿದ್ದರು, ಕಪ್ಪು ಮರ ಬೆಳಕನ್ನು ಕುಡಿದುಬಿಡುತ್ತದೆ. ಬಿಳಿ ಬಟ್ಟೆ ಹಾಸೋಣ ಅಂದೆ. ಖಾಲಿ ಮಾಡುತ್ತಿರುವ ಮನೆಯಲ್ಲಿ ಯಾರು ಮೇಜಿಗೆ ಬಟ್ಟೆ ಹಾಸುತ್ತಾರೆ ಅಂತ ಡಿಸೈನರ್ ನಕ್ಕರು.

ಆಮೇಲೆ ಅವರೇ ಹೇಳಿದರು: ಅಪ್ಪನ ಕಾಗದಪತ್ರ. ಹಳೆಯ ರಸೀದಿ, ಪತ್ರ, ಪಾಸ್‌ಬುಕ್ಕು ಮೇಜಿನ ತುಂಬ ಹರಡಿರಲಿ, ಇಬ್ಬರೂ ಅದನ್ನೇ ವಿಂಗಡಿಸುತ್ತಾ ಕೂತಿರಲಿ. ಬೆಳಕು ಕಾಗದದಿಂದ ಪುಟಿದು ಕಣ್ಣಿಗೆ ಬಂತು, ಮಾಸಿದ ಕಾಗದವಾದ್ದರಿಂದ ತುಸು ಬೆಚ್ಚಗೂ ಬಂತು. ನಟರ ಕೈಗೆ ಕೆಲಸ ಸಿಕ್ಕಿತು. ಜಗಳವಾಡದೆ ಜಗಳ ಆಡುವುದು ಹೇಗೆ ಅನ್ನುವ ನನ್ನ ತಲೆನೋವೂ ಅರ್ಧ ಕಡಿಮೆ ಆಯಿತು. ಇದರಲ್ಲಿ ಯಾವುದೂ ನನ್ನ ನಾಲ್ಕು ಚಿತ್ರದಲ್ಲಿ ಇರಲಿಲ್ಲ.

ಹೊಳಪಿನ ಗೋಡೆಯ ವಿಷಯಕ್ಕೂ ಚರ್ಚೆ ಆಯಿತು. ಹೊಳಪು ಇದ್ದರೆ ಬಲ್ಬಿನ ಪ್ರತಿಬಿಂಬ ಗೋಡೆಯಲ್ಲಿ ಒಂದು ಚುಕ್ಕಿಯಾಗಿ ಕಾಣುತ್ತದೆ. ಅದು ನನಗೆ ಬೇಕಿತ್ತು. ಆದರೆ ಬಲ್ಬಿನ ಜೊತೆ ಕ್ಯಾಮೆರಾಮನ್ ಇಡುವ ಬೇರೆ ದೀಪಗಳೂ ಅಲ್ಲಿ ಕಾಣುತ್ತವೆ, ಕೆಲವೊಮ್ಮೆ ಕ್ಯಾಮೆರಾವೇ ಕಾಣುತ್ತದೆ. ಕೊನೆಗೆ ಹಿಂದಿನ ಒಂದು ಗೋಡೆಗೆ ಮಾತ್ರ ಹೊಳಪು, ಉಳಿದದ್ದಕ್ಕೆ ಮ್ಯಾಟ್ ಅಂತ ತೀರ್ಮಾನವಾಯಿತು. ಗೋಡೆ ಗಾಢ ಬಣ್ಣದ್ದಾಗಿರಲಿ ಅಂತಲೂ ಕ್ಯಾಮೆರಾಮನ್ ಕೇಳಿಕೊಂಡರು. ಸಣ್ಣ ಕೋಣೆಗೆ ಬಿಳಿ ಬಳಿದರೆ ಒಂದು ಬಲ್ಬಿನ ಬೆಳಕೇ ನಾಲ್ಕೂ ಗೋಡೆಗೆ ಪುಟಿದು ಕತ್ತಲೆ ಉಳಿಯುವುದಿಲ್ಲ.

ಹಿನ್ನೆಲೆ ಮಸುಕಾಗಿರುವ ಚಿತ್ರ ಹಾಕಬಹುದಾ?

ಹಾಕಿ, ಆದರೆ ಮಸುಕು ಬೇಕೋ ಬೇಡವೋ ಬರೆಯಿರಿ. ಹಿನ್ನೆಲೆ ಕರಗಿರುವ ಚಿತ್ರ ನೋಡಿದ ಡಿಸೈನರ್ 'ಗೋಡೆಯಲ್ಲಿ ಬಣ್ಣ ಇದ್ದರೆ ಸಾಕು, ಸಾಮಾನು ಕಾಣುವುದಿಲ್ಲ' ಅಂತ ಅರ್ಥ ಮಾಡಿಕೊಳ್ಳುತ್ತಾರೆ, ದುಡ್ಡನ್ನೂ ಹಾಗೇ ಹಂಚುತ್ತಾರೆ. ಶೂಟಿಂಗ್ ದಿನ ನೀವು ಅಗಲದ ಲೆನ್ಸ್ ಹಾಕಿಸಿ ಕಪಾಟಿನ ಪ್ರತಿ ಡಬ್ಬಿ ಕಾಣಲಿ ಅಂದರೆ ಕಪಾಟು ಖಾಲಿ ಇರುತ್ತದೆ.

ಚಿತ್ರಗಳನ್ನು ನಮ್ಮ ಫ್ರೇಮಿನ ಆಕಾರಕ್ಕೆ ಕತ್ತರಿಸಬೇಕಾ?

ಹೌದು, ಫ್ರೇಮಿಂಗ್‌ಗೆ ಅಂತ ಇಟ್ಟಿರುವುದನ್ನೆಲ್ಲ. ಸಿನಿಮಾ 2.39:1 ಆದರೆ 1920 ಪಿಕ್ಸೆಲ್ ಅಗಲಕ್ಕೆ ಎತ್ತರ ಸುಮಾರು 803. 1.85:1 ಆದರೆ ಸುಮಾರು 1038. ಉದ್ದನೆಯ ಒಂದು ಫೋಟೊವನ್ನು 2.39ಕ್ಕೆ ಕತ್ತರಿಸಿ ನೋಡಿ. ನಿಮಗೆ ಇಷ್ಟವಾಗಿದ್ದ ಎತ್ತರದ ಬಾಗಿಲು, ಮೇಲಿನ ಕತ್ತಲೆ, ಎರಡೂ ಹೋಗಿರುತ್ತವೆ. ಅದು ಹೋದ ಮೇಲೂ ಚಿತ್ರ ಬೇಕು ಅನ್ನಿಸಿದರೆ ಇಡಿ. ಡಿಸೈನರ್‌ಗೂ ಇದರಿಂದ ಚಾವಣಿ ಕಟ್ಟಬೇಕಾ ಬೇಡವಾ ಅನ್ನುವ ಸುಳಿವು ಸಿಗುತ್ತದೆ. ಬಣ್ಣಕ್ಕೋ ಬಟ್ಟೆಗೋ ಇಟ್ಟ ಚಿತ್ರ ಇದ್ದ ಹಾಗೇ ಇರಲಿ.

ಲೆನ್ಸ್ ನಂಬರು, ಲೈಟ್‌ಗಳ ಹೆಸರು ಬರೆಯಬೇಕಾ?

ಬೇಡ. 'ಮುಖದ ಹತ್ತಿರ ಹೋಗಿ ನಿಂತ ಹಾಗೆ' ಅಥವಾ 'ದೂರದಿಂದ ಕದ್ದು ನೋಡಿದ ಹಾಗೆ' ಅಂದರೆ ಸಾಕು. ಲೆನ್ಸ್ ಅವರು ಆರಿಸುತ್ತಾರೆ.

ಕ್ಯಾಮೆರಾ ಚಲನೆಯನ್ನು ಹೇಗೆ ತೋರಿಸುವುದು?

ನಿಂತ ಚಿತ್ರ ಚಲನೆಯನ್ನು ಹೇಳುವುದಿಲ್ಲ. ಒಂದೇ ಶಾಟ್‌ನ ಆರಂಭ, ನಡು, ಕೊನೆ ಹೀಗೆ ಮೂರು ಫ್ರೇಮ್ ಅಕ್ಕಪಕ್ಕ ಇಡಿ. ಅದೂ ಸಾಲದಿದ್ದರೆ ಹದಿನೈದು ಇಪ್ಪತ್ತು ಸೆಕೆಂಡಿನ ತುಣುಕು, ಶಬ್ದ ತೆಗೆದು. ಸಂಗೀತ ಇದ್ದರೆ ಎಲ್ಲರಿಗೂ ಇಷ್ಟವಾಗಿಬಿಡುತ್ತದೆ, ಕ್ಯಾಮೆರಾ ಏನು ಮಾಡಿತು ಅಂತ ಯಾರೂ ನೋಡಿರುವುದಿಲ್ಲ.

ಕ್ಯಾಮೆರಾಮನ್‌ಗೆ ಒಂದು, ಡಿಸೈನರ್‌ಗೆ ಒಂದು ಅಂತ ಬೇರೆ ಬೇರೆ ಮಾಡಬೇಕಾ?

ಒಂದೇ ಮಾಡಿ, ಒಟ್ಟಿಗೆ ಕೂರಿಸಿ ತೋರಿಸಿ. ಮೇಲಿನ ಕಾಗದದ ಉಪಾಯ ಬೇರೆ ಬೇರೆ ಮೀಟಿಂಗ್‌ಗಳಲ್ಲಿ ಹುಟ್ಟುತ್ತಿರಲಿಲ್ಲ. ಕಿಟಕಿಯ ಉದಾಹರಣೆ ತೆಗೆದುಕೊಳ್ಳಿ. ಡಿಸೈನರ್ ಸೆಟ್‌ನಲ್ಲಿ ಕಿಟಕಿ ಎಲ್ಲಿ ಬರಬೇಕು ಅಂತ ಗುರುತು ಮಾಡುತ್ತಾರೆ. ಆ ಕಿಟಕಿಯ ಆಚೆ ಸ್ಟುಡಿಯೊ ಗೋಡೆಗೆ ಎರಡೇ ಅಡಿ ಜಾಗ ಉಳಿದರೆ ಬಿಸಿಲಿನ ದೀಪವನ್ನು ಹಿಂದಕ್ಕೆ ಒಯ್ಯಲು ಆಗುವುದಿಲ್ಲ. ಕಿಟಕಿಗೆ ಅಂಟಿದ ಸಣ್ಣ ದೀಪದಿಂದ ಎರಡಡಿ ದೂರದಲ್ಲಿ ಇರುವ ಬೆಳಕು ನಾಲ್ಕಡಿ ದೂರಕ್ಕೆ ಸುಮಾರು ಕಾಲು ಭಾಗವಾಗುತ್ತದೆ. ನಟಿ ಒಂದು ಹೆಜ್ಜೆ ಒಳಗೆ ಬಂದರೆ ಬಿಸಿಲು ಸತ್ತುಹೋಗುತ್ತದೆ. ನಿಜವಾದ ಸೂರ್ಯ ಹಾಗೆ ಮಾಡುವುದಿಲ್ಲ, ಅಲ್ವಾ? ನೋಡುವವರಿಗೆ ಕಾರಣ ತಿಳಿಯದಿದ್ದರೂ ಸೆಟ್ ಅಂತ ತಿಳಿಯುತ್ತದೆ. ಲುಕ್‌ಬುಕ್ ನೋಡುವಾಗಲೇ ಇಬ್ಬರೂ ಪಕ್ಕಪಕ್ಕ ಇದ್ದರೆ ಕಿಟಕಿ ಕಾಗದದ ಮೇಲೇ ಸರಿಯುತ್ತದೆ.

ಯಾವಾಗ ತೋರಿಸಬೇಕು?

ಲೊಕೇಶನ್ ನೋಡಲು ಹೊರಡುವ ಮುಂಚೆ, ಕಲಾ ವಿಭಾಗದ ಬಜೆಟ್ ಗಟ್ಟಿಯಾಗುವ ಮುಂಚೆ. ಆದರೆ ಸ್ಕ್ರಿಪ್ಟ್ ಓದುವ ಮುಂಚೆ ಅಲ್ಲ. ಮೊದಲು ಅವರು ಓದಲಿ, ಅವರ ಕಣ್ಣಿಗೆ ಏನು ಕಂಡಿತು ಅಂತ ಹೇಳಲಿ, ಆಮೇಲೆ ನಿಮ್ಮದನ್ನು ತೆಗೆಯಿರಿ. ನಿಮ್ಮ ಚಿತ್ರ ಮೊದಲು ನೋಡಿದರೆ ಅವರು ಅದರೊಳಗೇ ಯೋಚಿಸುತ್ತಾರೆ.

ಫೋನ್‌ಗೆ ಕಳಿಸಿ 'ನೋಡಿ ಹೇಳಿ' ಅನ್ನಬೇಡಿ. ಮೆಸೇಜಿನಲ್ಲಿ ಹೋದ ಚಿತ್ರ ಸಾಮಾನ್ಯವಾಗಿ ಕುಗ್ಗಿ ಹೋಗುತ್ತದೆ, ಕತ್ತಲೆಯ ವಿವರ ಮೊದಲು ಸಾಯುತ್ತದೆ. ಒಬ್ಬರ ಫೋನ್‌ನಲ್ಲಿ ರಾತ್ರಿಯ ಹಳದಿ ಮೋಡ್ ಆನ್ ಇರುತ್ತದೆ, ಇನ್ನೊಬ್ಬರದು ಬಣ್ಣವನ್ನು ಹೆಚ್ಚಿಸಿ ತೋರಿಸುತ್ತದೆ. ಒಂದೇ ಪರದೆ, ಕಿಟಕಿ ಮುಚ್ಚಿದ ಕೋಣೆ, ಮೂವರೂ ಅದನ್ನೇ ನೋಡಬೇಕು. ಪ್ರಿಂಟ್ ಹಾಕಿಸುವುದಾದರೆ ಹೊಳೆಯುವ ನೀಲಿ, ಹಸಿರು ಕಾಗದದಲ್ಲಿ ಮಂಕಾಗುತ್ತವೆ, ಅದನ್ನು ಮೊದಲೇ ಹೇಳಿಬಿಡಿ.

ಅವರಿಗೆ ನನ್ನ ರೆಫರೆನ್ಸ್ ಇಷ್ಟವಾಗದಿದ್ದರೆ?

ಇದರ ಬದಲು ಏನು ಅಂತ ಕೇಳಿ, ಅವರ ಚಿತ್ರವನ್ನೂ ಅದೇ ಪುಟದಲ್ಲಿ ಅಂಟಿಸಿ. ನಾನು ಪ್ರತಿ ಮುಖ್ಯ ಸೀನ್‌ನ ಪುಟದಲ್ಲಿ ಒಂದು ಚೌಕ ಖಾಲಿ ಬಿಡುತ್ತೇನೆ, ಇದಕ್ಕೆಂದೇ. ಇಬ್ಬರೂ ಬೇಡ ಅಂದ ಚಿತ್ರವನ್ನು ತೆಗೆದುಬಿಡಿ. ಒಬ್ಬರು ಬೇಕು, ಒಬ್ಬರು ಬೇಡ ಅಂದರೆ ಅಲ್ಲೇ ಏನೋ ಇದೆ, ಆ ಪುಟಕ್ಕೆ ಇನ್ನೊಂದು ದಿನ ಕೂರಿ.

ಬೇರೆಯವರ ಫೋಟೊ, ಸಿನಿಮಾ ಫ್ರೇಮ್ ಬಳಸುವುದು ತಪ್ಪಲ್ವಾ?

ತಂಡದೊಳಗೆ ನೋಡಿಕೊಳ್ಳಲು ಎಲ್ಲರೂ ಬಳಸುತ್ತಾರೆ. ಹೊರಗೆ ಹಾಕಿದರೆ, ಪ್ರಚಾರಕ್ಕೆ ಬಳಸಿದರೆ ಹಕ್ಕಿನ ಪ್ರಶ್ನೆ ಬರುತ್ತದೆ. ಚಿತ್ರ ಯಾರದ್ದು, ಎಲ್ಲಿಂದ ಬಂತು ಅಂತ ಪುಟದ ಮೂಲೆಯಲ್ಲಿ ಸಣ್ಣದಾಗಿ ಬರೆದಿಟ್ಟರೆ ಆಮೇಲೆ ಹುಡುಕುವ ಕಷ್ಟ ಇರುವುದಿಲ್ಲ.

ಶೂಟಿಂಗ್ ಶುರುವಾದ ಮೇಲೆ ಲುಕ್‌ಬುಕ್‌ಗೆ ಕೆಲಸ ಇದೆಯಾ?

ಇದೆ, ಆದರೆ ರೂಪ ಬದಲಾಗುತ್ತದೆ. ಕ್ಯಾಮೆರಾ ಪರೀಕ್ಷೆಯ ಫ್ರೇಮ್‌ಗಳು ಬಂದ ಕೂಡಲೇ ರೆಫರೆನ್ಸ್ ಚಿತ್ರ ತೆಗೆದು ಆ ಜಾಗಕ್ಕೆ ಅವನ್ನು ಹಾಕಿ, ಫೈಲಿನ ಹೆಸರಿನಲ್ಲಿ ತಾರೀಖು ಬದಲಿಸಿ. ಹಳೆಯ ಫೈಲ್ ಯಾರ ಹತ್ತಿರವಾದರೂ ಉಳಿದಿದ್ದರೆ ಅವರು ಕೈಬಿಟ್ಟ ಬಣ್ಣಕ್ಕೇ ಪರದೆ ಹೊಲಿಸುತ್ತಾರೆ. ಶೂಟಿಂಗಿನ ಮೂರನೇ ವಾರಕ್ಕೆ ನಮ್ಮ ಲುಕ್‌ಬುಕ್‌ನಲ್ಲಿ ಬೇರೆಯವರ ಚಿತ್ರ ಉಳಿದಿದ್ದು ಎರಡೇ. ಒಂದು ಆ ಪೇಂಟಿಂಗ್. ಇನ್ನೊಂದು ಕೆಂಪು ಗೆರೆ ಎಳೆದ ನೀಲಿ ಅಡುಗೆಮನೆ.